ನಾನು ದುಡಿದ ನಾಲ್ಕು ವರ್ಷ ಯಾರ ಖಾತೆಯಲ್ಲಿದೆ?

ಬರುವ ತಿಂಗಳು ನನಗೆ 58 ತುಂಬುತ್ತದೆ. ಪಿಎಫ್ ಪೆನ್ಶನ್ ಅರ್ಜಿ ಹಾಕೋಣ ಎಂದು ಕಾರವಾರದಲ್ಲಿ ಸೈಬರ್‌ಗೆ ಹೋಗಿ ಕೂತರೆ, ಪೋರ್ಟಲ್ಲಿನಲ್ಲಿ ನನ್ನ ಸರ್ವಿಸ್ ಬರೀ 6 ವರ್ಷ 5 ತಿಂಗಳು! ಪೆನ್ಶನ್‌ಗೆ 10 ವರ್ಷ ಬೇಕು. ಮೊದಲ ಕಾಂಟ್ರಾಕ್ಟರ್ ಹತ್ತಿರ ಬಿಸಿಲಲ್ಲಿ ವೆಲ್ಡಿಂಗ್ ಮಾಡಿದ 4 ವರ್ಷ 2 ತಿಂಗಳು ಎಲ್ಲಿ ಹೋಯ್ತು ಮಾರಾಯ್ರೇ?

ಮಸ್ಕತ್ ಬಿಟ್ಟು ಬಂದು 2015ರಲ್ಲಿ ಸೇರಿದ್ದು. ಆಮೇಲೆ ಗೇಟು ಅದೇ, ಕೆಲಸ ಅದೇ, ಕಾಂಟ್ರಾಕ್ಟರ್ ಮಾತ್ರ ಎರಡು ಸಲ ಬದಲಾದ. ಮೊದಲನೆಯವನ ಗುಮಾಸ್ತ ನನ್ನ ಅಡ್ಡಹೆಸರನ್ನು Naik ಎಂದು ಬರೆದ, ಆಧಾರ್‌ನಲ್ಲಿರುವುದು Nayak. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಕತೆ. ಎರಡನೆಯವನು ಹಳೆ ನಂಬರ್ ಕೇಳುವ ಗೋಜಿಗೇ ಹೋಗದೆ ಹೊಸ ಯುಎಎನ್, ಅಂದರೆ ಹೊಸ ಪಿಎಫ್ ನಂಬರ್, ಮಾಡಿಸಿದ. ಈಗ ನಾನು ಪಿಎಫ್ ಲೆಕ್ಕದಲ್ಲಿ ಇಬ್ಬರು ಮನುಷ್ಯರು!

ಹಳೆ ನಂಬರಿನದನ್ನು ಹೊಸದಕ್ಕೆ ಟ್ರಾನ್ಸ್‌ಫರ್‌ಗೆ ಹಾಕಿದೆ, ಹೆಸರು ಹೊಂದುವುದಿಲ್ಲ ಅಂತ ರಿಜೆಕ್ಟ್. ಮೇಲಿಂದ, ಮೊದಲನೆಯವನು ನಾನು ಕೆಲಸ ಬಿಟ್ಟ ತಾರೀಖನ್ನೇ ಹಾಕಿಲ್ಲ. ಬಿಟ್ಟು ಎರಡು ತಿಂಗಳಾದ ಮೇಲೆ ಅದನ್ನು ನಾವೇ ಆಧಾರ್ ಓಟಿಪಿ ಕೊಟ್ಟು ಹಾಕಬಹುದಂತೆ. ಸರಿ, ಆದರೆ ಹೆಸರು ತಪ್ಪಿದ್ದರೆ ಹಳೆ ನಂಬರಿಗೆ ಆಧಾರ್ ಜೋಡಣೆಯೇ ಆಗುವುದಿಲ್ಲ, ಓಟಿಪಿ ಎಲ್ಲಿಂದ ಬರಬೇಕು? ಹೆಸರು ತಿದ್ದಲು ಜಾಯಿಂಟ್ ಡಿಕ್ಲರೇಶನ್‌ಗೆ ಆ ಕಾಂಟ್ರಾಕ್ಟರ್ ಒಪ್ಪಿಗೆ ಬೇಕು. ಅವನೋ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು.

“ಹೋಗ್ಲಿ ಬಿಡಿ, ಇದ್ದ ದುಡ್ಡು ತೆಗೀರಿ” ಅಂತಾನೆ ಸೈಬರ್ ಹುಡುಗ. ಅವನಿಗೆ ಗೊತ್ತಿಲ್ಲ, ಇಲ್ಲಿ ಪಿಎಫ್ ಬೇರೆ, ಪೆನ್ಶನ್ ಬೇರೆ. ಮಾಲೀಕರ ಪಾಲಿನಲ್ಲಿ ಸಂಬಳದ 8.33 ಶೇಕಡಾದಷ್ಟು ಪೆನ್ಶನ್ನಿಗೆ ಹೋಗುತ್ತದೆ, ಅದು ಟ್ರಾನ್ಸ್‌ಫರ್‌ನಲ್ಲಿ ದುಡ್ಡಾಗಿ ಬರುವುದೇ ಇಲ್ಲ. ಪಾಸ್‌ಬುಕ್ಕಿನ ಆ ಕಾಲಂನಲ್ಲಿ ಸೊನ್ನೆ ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಬರಬೇಕಾದದ್ದು ವರ್ಷಗಳ ಲೆಕ್ಕ. ಕೆಲಸ ಬದಲಿಸುವಾಗ ಫಾರ್ಮ್ 10ಸಿ ಹಾಕಿ ಪೆನ್ಶನ್ ಹಣ ತೆಗೆದ ನಮ್ಮ ಹುಡುಗರು ಅಷ್ಟು ವರ್ಷದ ಸರ್ವಿಸನ್ನೂ ಕಳಕೊಂಡಿದ್ದಾರೆ.

ನನ್ನದನ್ನೇ ಕೂಡಿಸಿ ನೋಡಿ. ಎಲ್ಲ ಸೇರಿದರೆ 10 ವರ್ಷ 7 ತಿಂಗಳು. ಆರು ತಿಂಗಳು ದಾಟಿದ್ದರಿಂದ 11 ಎಂದು ಹಿಡಿಯುತ್ತಾರೆ. ಕೊನೆಯ 60 ತಿಂಗಳ ಸರಾಸರಿ ಸಂಬಳ 15,000 ರೂಪಾಯಿ ಎಂದಾದರೆ, ಅದನ್ನು 11ರಿಂದ ಗುಣಿಸಿ 70ರಿಂದ ಭಾಗಿಸಿ: ತಿಂಗಳಿಗೆ 2,357. ದೊಡ್ಡ ಮೊತ್ತವೇನಲ್ಲ. ಆದರೆ ಸಾಯುವ ತನಕ ಬರುತ್ತದೆ, ಆಮೇಲೆ ಹೆಂಡತಿಗೂ ಒಂದು ಪಾಲು. ಆ 4 ವರ್ಷ ಸೇರದಿದ್ದರೆ ಒಂದೇ ಸಲ ಒಂದಿಷ್ಟು ಕೈಗಿಟ್ಟು ಕಳಿಸುತ್ತಾರೆ, ಅಷ್ಟೇ.

ಕಂಪನಿ ಮುಚ್ಚಿದ್ದರೆ ಗೆಜೆಟೆಡ್ ಅಧಿಕಾರಿಯ ಸಹಿ, ಜೊತೆಗೆ ಹಳೆ ದಾಖಲೆ ಕೊಡಬಹುದಂತೆ. ಇದನ್ನು ಹೇಳಲಿಕ್ಕೆ ಪಿಎಫ್ ಆಫೀಸಿನವರು ನನ್ನನ್ನು ಮೂರು ಸಲ ಘಟ್ಟ ಹತ್ತಿಸಿದರು! 2016ರ ಸಂಬಳ ಚೀಟಿಗಳು ಅಟ್ಟದ ಮೇಲೆ ಸಿಕ್ಕವು. ಮಳೆಗಾಲದ ಥಂಡಿಗೆ ಎಲ್ಲ ಒಂದಕ್ಕೊಂದು ಅಂಟಿವೆ. ಹೆಂಡತಿ ಅಡುಗೆಮನೆಯಲ್ಲಿ ಕೂತು ಒಂದೊಂದಾಗಿ ಬಿಡಿಸ್ತಾ ಇದ್ದಾಳೆ.