ಅಡಿಗೆ ನೂರೇ ರೂಪಾಯಿ ಸಾರ್, ಮಿಕ್ಕಿದ್ದು ಆಮೇಲೆ ಮಾತಾಡೋಣ

ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದವರಿಗೆಲ್ಲ ಈ ಮೇಲ್ ಗೊತ್ತು. ಗೊತ್ತಿಲ್ಲದವರು ಪುಣ್ಯವಂತರು, ಅವರ ಮನೆಯಲ್ಲಿ ಇನ್ನೂ ನೀರು ಬರುತ್ತಿದೆ ಅಂತ ಅರ್ಥ. ಬೇಸಿಗೆಯಲ್ಲಿ ನಮ್ಮ ಬಡಾವಣೆ ಸಂಘಕ್ಕೆ ಬಂದದ್ದು ಇಷ್ಟು: "ಡಿಯರ್ ಸರ್, ಪ್ಲೀಸ್ ಫೈಂಡ್ ಅಟ್ಯಾಚ್ಡ್ ಅವರ್ ಬೆಸ್ಟ್ ಕೊಟೇಶನ್, ಕೈಂಡ್ಲಿ ಡೂ ದಿ ನೀಡ್‌ಫುಲ್." ಸಬ್ಜೆಕ್ಟ್ ಜಾಗ ಖಾಲಿ. ಜೊತೆಗೆ `Quotation_final_new2.pdf` ಅಂತ ಒಂದು ಫೈಲು. ತೆರೆದರೆ ಮೇಲುಗಡೆ ಚಿಂತಾಮಣಿಯ ಯಾವುದೋ ಕಲ್ಯಾಣ ಮಂಟಪದ ವಿಳಾಸ. ಕೆಳಗೆ ಮೂರು ಸಾಲು. ಡ್ರಿಲ್ಲಿಂಗ್ ಅಡಿಗೆ ನೂರು ರೂಪಾಯಿ. ಟ್ಯಾಕ್ಸ್ ಎಕ್ಸ್‌ಟ್ರಾ ಆಸ್ ಅಪ್ಲಿಕಬಲ್. ಪೇಮೆಂಟ್ ಆಸ್ ಪರ್ ಡಿಸ್ಕಶನ್.

ನಾನು ಇದನ್ನು ಹೊಗಳುವವನೇ. ಸಾವಿರ ಅಡಿ ಆಳದ ವ್ಯವಹಾರವನ್ನು ಮೂರು ಸಾಲಿಗೆ ಇಳಿಸುವುದು ಎಲ್ಲರಿಗೂ ಬರುವ ವಿದ್ಯೆ ಅಲ್ಲ. ಓದಿದವನು ಸಾವಿರ ಅಡಿ ಅಂದರೆ ಒಂದು ಲಕ್ಷ ಅಂತ ಲೆಕ್ಕ ಹಾಕಿಕೊಳ್ಳಬೇಕು, ಕಳಿಸಿದವನು ಮಾತ್ರ ಹಾಗಂತ ಎಲ್ಲೂ ಹೇಳಿರಬಾರದು. ಒಂದು ಲಕ್ಷ ನಮ್ಮ ತಲೆಯಲ್ಲಿ ಹುಟ್ಟಿದ್ದು, ಅವರ ಕಾಗದದಲ್ಲಿ ಇಲ್ಲ.

ಈಗ ನಿಜವಾದ ಲೆಕ್ಕ ಕೇಳಿ. ಸಂಘದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಎಲ್ಲದಕ್ಕೂ "ಯಾಕೆ" ಅನ್ನುವ ಜಾತಿ. ಅವರು ಏಜೆಂಟನಿಗೆ ಫೋನ್ ಮಾಡಿ, ಬಿಡದೆ ಕೇಳಿ, ಒಂದೊಂದೇ ಹೊರಗೆ ಎಳೆದರು. ನೂರು ರೂಪಾಯಿ ಮೊದಲ 300 ಅಡಿಗೆ ಮಾತ್ರ ಅಂತೆ. ಆಮೇಲೆ ಪ್ರತಿ ನೂರು ಅಡಿಗೂ ರೇಟು ಹತ್ತು ರೂಪಾಯಿ ಏರುತ್ತದಂತೆ. ಅಂದರೆ ಕೊನೆಯ ನೂರು ಅಡಿಗೆ 170. ಹೀಗೆ ಸಾವಿರ ಅಡಿಗೆ ಕೂಡಿದರೆ 1,28,000. ಮೇಲಿನ ಸಡಿಲ ಮಣ್ಣು ಕುಸಿಯದ ಹಾಗೆ ಇಳಿಸುವ ಕೇಸಿಂಗ್ ಪೈಪು ಬೇರೆ. ಅಡಿಗೆ 450ರ ಹಾಗೆ 60 ಅಡಿ ಅಂದುಕೊಂಡರೆ 27,000. ಅಲ್ಲಿಗೆ 1,55,000. ಅದರ ಮೇಲೆ ಶೇ 18 ಜಿಎಸ್‌ಟಿ, 27,900. ಒಟ್ಟು 1,82,900 ರೂಪಾಯಿ. ಒಂದು ಲಕ್ಷದ ಮೇಲ್ ಫೋನ್ ಇಡುವಷ್ಟರಲ್ಲಿ ಇಷ್ಟು ದಪ್ಪ ಆಯಿತು, ಇನ್ನೂ ಲಾರಿ ಕೂಡ ಬಂದಿರಲಿಲ್ಲ.

ಮೇಷ್ಟ್ರು ಅಲ್ಲಿಗೂ ಬಿಡಲಿಲ್ಲ. ಏರುವ ರೇಟು ಆ ನೂರು ಅಡಿಗೆ ಮಾತ್ರವೋ, ಮೇಲಿಂದ ಪೂರ್ತಿ ಆಳಕ್ಕೋ ಅಂತ ಕೇಳಿದರು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಇದು. ಪೂರ್ತಿ ಆಳಕ್ಕೆ 170 ಹಾಕಿದರೆ ಕೊರೆತವೇ 1,70,000 ಆಗುತ್ತದೆ, ಅಂದರೆ 42,000 ಜಾಸ್ತಿ. ಏಜೆಂಟ್ ನಕ್ಕರಂತೆ. "ಸಾರ್, ಅದೆಲ್ಲ ಬರೆಯೋಕಾಗುತ್ತಾ? ನೀವು ನಮ್ಮೋರೇ ಅಲ್ವಾ." ಈ "ನಮ್ಮೋರು" ಬಂದಾಗಲೆಲ್ಲ ನನಗೆ ಜೇಬು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುತ್ತದೆ.

ಕೆಲಸ ಅಂದರೆ ಏನೇನು ಅನ್ನುವುದು ಇನ್ನೊಂದು ಮಜಾ. ಬೋರ್ ಕೊರೆದ ಮೇಲೆ ಒಳಗಿನ ಕೆಸರು ಹೊರಹಾಕಲು ಕಂಪ್ರೆಸರ್ ಗಾಳಿಯಲ್ಲಿ ಫ್ಲಶಿಂಗ್ ಮಾಡಬೇಕು, ಅದು ಅಡಿ ರೇಟಿನಲ್ಲಿ ಸೇರಿದೆಯೋ, ಗಂಟೆ ಲೆಕ್ಕವೋ? ಕೇಸಿಂಗ್ 60 ಅಡಿ ಅಂದುಕೊಂಡದ್ದು ಗಟ್ಟಿ ಬಂಡೆ ಸಿಗುವ ತನಕ 90 ಅಡಿ ಹೋದರೆ ಹೆಚ್ಚಿನ 30 ಅಡಿ ಯಾರ ತಲೆಗೆ? ನಮ್ಮ ಕಡೆ ಕೊಳವೆಬಾವಿಗೆ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು, ಆ ಅರ್ಜಿ ಯಾರು ಹಾಕಬೇಕು? ನೀರು ಬರದೆ ಬರೀ ಧೂಳು ಬಂದರೆ ಆ ಗುಂಡಿ ಮುಚ್ಚುವವರು ಯಾರು? ಇದಕ್ಕೆ ಮೇಲಿನಲ್ಲಿ ಜಾಗ ಇರಲಿಲ್ಲ. ಕೈಬಿಟ್ಟ ಬೋರನ್ನು ಮಣ್ಣು, ಮರಳು, ಜಲ್ಲಿ ತುಂಬಿ ನೆಲಮಟ್ಟಕ್ಕೆ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಲಾರಿಯವನು ಅದು ಜಾಗದ ಯಜಮಾನನ ಕೆಲಸ ಅನ್ನುತ್ತಾನೆ. ಯಜಮಾನ ಅದು ಕೊರೆದವನ ಕೆಲಸ ಅಂದುಕೊಂಡಿರುತ್ತಾನೆ. ಮಗು ಬಿದ್ದ ದಿನ ಇಬ್ಬರೂ ಟಿವಿ ಮುಂದೆ ಕೈಮುಗಿಯುತ್ತಾರೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. "ಫೇಲ್ ಆದ ಬೋರ್ ಮುಚ್ಚುವುದು ಸೇರಿದೆ" ಅಥವಾ "ಸೇರಿಲ್ಲ". ಒಂದು ಸಾಲು ಬರೆಯೋಕೆ ಇವರಿಗೆ ಏನು ಬಂದಿದೆ?

ಇರಲಿ. ವ್ಯಾಲಿಡಿಟಿಗೆ ಬರೋಣ. ಆ ಕೊಟೇಶನ್‌ನಲ್ಲಿ ಕೆಳಗಡೆ ಇರುವೆ ಗಾತ್ರದ ಅಕ್ಷರದಲ್ಲಿ "ಏಳು ದಿನಕ್ಕೆ ಮಾತ್ರ" ಅಂತ ಇತ್ತು, ಪಕ್ಕದಲ್ಲೇ "ಡೀಸೆಲ್ ದರಕ್ಕೆ ಒಳಪಟ್ಟು". ಮೇಲ್ ಬಂದದ್ದು ಮಾರ್ಚ್ 28ಕ್ಕೆ. ಒಳಗಿನ ಕಾಗದದ ತಾರೀಕು ಮಾರ್ಚ್ 10. ಅಂದರೆ ನಮ್ಮ ಕೈಸೇರುವಾಗಲೇ ಅದರ ತಿಥಿ ಮುಗಿದಿತ್ತು. ಇಷ್ಟಕ್ಕೂ ನಮ್ಮ ಸಂಘ ಏಳು ದಿನದಲ್ಲಿ ತೀರ್ಮಾನ ಮಾಡುವ ಸಂಘವೇ? ಗಣೇಶನ ಪೆಂಡಾಲಿನ ಬಣ್ಣಕ್ಕೇ ಮೂರು ಭಾನುವಾರ ಬೇಕು.

ಜನ ವ್ಯಾಲಿಡಿಟಿ ಅಂದರೆ ಅಲ್ಲಿಯವರೆಗೆ ರೇಟು ಕಟ್ಟಿಹಾಕಿದ ಹಾಗೆ ಅಂದುಕೊಳ್ಳುತ್ತಾರೆ. 1872ರ ಕಾಂಟ್ರಾಕ್ಟ್ ಕಾಯ್ದೆ ಬೇರೆ ಹೇಳುತ್ತದೆ. ನಾವು ಒಪ್ಪಿದೆವು ಅಂತ ತಿಳಿಸುವ ಮೊದಲು ಯಾವಾಗ ಬೇಕಾದರೂ ಕೊಟ್ಟ ಆಫರ್ ವಾಪಸ್ ತೆಗೆದುಕೊಳ್ಳಬಹುದು. ಹಿಡಿದಿಡಲು ಅಡ್ವಾನ್ಸ್ ಗಿಡ್ವಾನ್ಸ್ ಕೊಟ್ಟಿದ್ದರೆ ಮಾತು ಬೇರೆ. ಏಳು ದಿನ ಕಳೆದರೆ ಆಫರ್ ತಾನಾಗೇ ಸಾಯುತ್ತದೆ, ಅಷ್ಟೇ. ಆದ್ದರಿಂದ ರೇಟು ಒಪ್ಪಿಗೆ ಇದ್ದರೆ ಗಡುವಿನೊಳಗೆ "ಇಂಥ ತಾರೀಕಿನ ಇಂಥ ನಂಬರಿನ ಕೊಟೇಶನ್ ಒಪ್ಪಿದ್ದೇವೆ" ಅಂತ ಮೇಲಿನಲ್ಲೇ ಉತ್ತರ ಹಾಕಬೇಕು. ನಮ್ಮ ಅಧ್ಯಕ್ಷರು ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿದ್ದರು. ಹೆಬ್ಬೆರಳು ಯಾವುದಕ್ಕೆ, ಅದೇ ಹೊತ್ತಿಗೆ ಯಾರೋ ಹಾಕಿದ್ದ ಶುಭೋದಯದ ಹೂವಿಗೋ ಅಂತ ಏಜೆಂಟ್ ಕೇಳಿದರೆ ಏನು ಹೇಳೋದು?

ತೆರಿಗೆಯ ಸಾಲು ಓದಿದರೆ ನನಗೆ ಸುಸ್ತಾಗುತ್ತದೆ. ಅನ್ವಯವಾದಷ್ಟು. ಎಷ್ಟು ಅನ್ವಯ ಅಂತ ಗಿರಾಕಿ ಜ್ಯೋತಿಷ್ಯ ಕೇಳಬೇಕಾ? ಕೇಳಿದರೆ ಎದುರು ಪ್ರಶ್ನೆ ಬರುತ್ತದೆ, "ಬಿಲ್ ಬೇಕಾ ಸಾರ್, ಬೇಡ್ವಾ?" ಬೇಡ ಅಂದರೆ 18 ಮಾಯ. ಬೇಕು ಅಂದರೆ 18 ಪ್ರತ್ಯಕ್ಷ. ಕೆಲವರು ಇನ್ನೂ ಜಾಣರು, ಜಿಎಸ್‌ಟಿ ನಂಬರೇ ಇಲ್ಲದ ಲೆಟರ್‌ಹೆಡ್‌ನಲ್ಲಿ ಜಿಎಸ್‌ಟಿ ಕೇಳುತ್ತಾರೆ. ನೋಂದಣಿ ಇಲ್ಲದವನು ತೆರಿಗೆ ಹೆಸರಲ್ಲಿ ದುಡ್ಡು ತೆಗೆದುಕೊಳ್ಳುವಂತಿಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಷ್ಟು ಅಂತ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವನೂ ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ನಂಬರ್ ಇದ್ದರೆ ಮೊದಲ ಎರಡು ಅಂಕಿ ನೋಡಿ ಸಾಕು. 29 ಅಂದರೆ ಕರ್ನಾಟಕ, ಆಗ ಬಿಲ್ಲಿನಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9. 33 ಅಂದರೆ ತಮಿಳುನಾಡು. ನಮ್ಮ ಜಿಲ್ಲೆಯ ನೆಲ ತೂತು ಮಾಡುವ ಲಾರಿಗಳಲ್ಲಿ ಎಷ್ಟೋ ತಿರುಚೆಂಗೋಡಿನ ಕಡೆಯಿಂದಲೇ ಬರುತ್ತವೆ ಅಲ್ವಾ, ಅವರು ಬಿಲ್ ಕೊಟ್ಟರೆ ಐಜಿಎಸ್‌ಟಿ 18. ಮೊತ್ತ ಒಂದೇ, ತಲೆಬರಹ ಬೇರೆ. 33 ಅಂತ ಶುರುವಾಗುವ ನಂಬರಿನ ಕೆಳಗೆ 9 ಮತ್ತು 9 ಕಂಡರೆ ಆ ಕಾಗದ ಯಾರೋ ಬೇರೆಯವರ ಫೈಲಿನಿಂದ ಎತ್ತಿ ಅಂಟಿಸಿದ್ದು ಅಂತ ತಿಳಿಯಿರಿ.

ಎತ್ತಿ ಅಂಟಿಸುವ ಮಾತು ಬಂತಲ್ಲ, ಮೂರು ಕೊಟೇಶನ್ನಿನ ಪದ್ಧತಿ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಆಫೀಸಾಗಲಿ ಸಂಘವಾಗಲಿ, ಖರ್ಚು ಅಂದ ಕೂಡಲೇ ಮೂರು ಕೊಟೇಶನ್ ಬೇಕು. ಮೂರೂ ಬರುತ್ತವೆ. ಮೂರು ಲೆಟರ್‌ಹೆಡ್, ಮೂರು ಬಣ್ಣ, ಮೂರು ರಬ್ಬರ್ ಸ್ಟಾಂಪು. "ಡ್ರಿಲ್ಲಿಂಗ್" ಅನ್ನುವ ಜಾಗದಲ್ಲಿ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ತಪ್ಪು. ಮೂರರ ಪೈಕಿ ಎರಡು, ಮೊದಲನೆಯದು ಅಗ್ಗವಾಗಿ ಕಾಣಲಿ ಅಂತಲೇ ಹುಟ್ಟಿರುತ್ತವೆ. ಇಂಥ ಕಾಗದದಲ್ಲಿ ಕೆಲಸದ ವಿವರ, ಗಡುವು, ತೆರಿಗೆ ಯಾಕೆ ಬರೆಯುತ್ತಾರೆ ಹೇಳಿ? ಬರೆದರೆ ಹೋಲಿಸಿ ನೋಡುತ್ತಾರೆ. ಆಡಿಟ್ಟಿಗೆ ಬೇಕಾದ್ದು ಕಾಗದದ ಎಣಿಕೆ, ಅದು ಸರಿ ಇದೆ.

ಇನ್ನು ಪೇಮೆಂಟು. "ಅರ್ಧ ಅಡ್ವಾನ್ಸ್, ಮಿಕ್ಕಿದ್ದು ಕೆಲಸ ಮುಗಿದ ಮೇಲೆ." ಮುಗಿಯುವುದು ಅಂದರೆ ಯಾವುದು? ಹೇಳಿದ ಅಡಿ ಮುಟ್ಟಿದಾಗಲೋ, ಫ್ಲಶಿಂಗ್ ಆದಾಗಲೋ, ನೀರು ಬಂದಾಗಲೋ? ಗಿರಾಕಿ ತಲೆಯಲ್ಲಿ ನೀರು. ಲಾರಿಯವನ ತಲೆಯಲ್ಲಿ ಅಡಿ. ರಾತ್ರಿ ಎರಡು ಗಂಟೆಗೆ, ಸಾವಿರ ಅಡಿಯಲ್ಲಿ, ರಾಡು ಮೇಲೆತ್ತದೆ ಎಂಜಿನ್ ಚಾಲೂ ಇಟ್ಟುಕೊಂಡು ಈ ವಾದ ನಡೆಯುತ್ತದೆ. "ನೀರು ಬಂದರೂ ಬರದಿದ್ದರೂ ಕೊರೆದ ಅಡಿಗೆ ಪೂರ್ತಿ ಹಣ" ಅಂತ ಮೊದಲೇ ಬರೆದಿದ್ದರೆ ಬೀದಿಯವರಾದರೂ ನಿದ್ದೆ ಮಾಡುತ್ತಿದ್ದರು.

ಗಿರಾಕಿಯೇನು ಸಾಚಾ ಅಲ್ಲ. ವೇಮಗಲ್, ನರಸಾಪುರದ ಕಡೆ ದೊಡ್ಡ ಗೇಟಿನ ಕಾರ್ಖಾನೆಗಳಿಗೆ ಸಾಮಾನು ಮಾಡಿಕೊಡುವ ಸಣ್ಣ ಶೆಡ್ಡಿನವರನ್ನು ಕೇಳಿ. ಅವರೂ ಹಣದ ಸಾಲಿನಲ್ಲಿ "ತಮ್ಮ ನಿಯಮದಂತೆ" ಅಂತ ಬರೆಯುತ್ತಾರೆ, ಹೆದರಿಕೊಂಡು. ಕಾನೂನು ಅವರ ಕಡೆಗಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ನೋಂದಾಯಿಸಿಕೊಂಡ ಸಣ್ಣ ಉದ್ಯಮಕ್ಕೆ ಬರಹದಲ್ಲಿ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಬರಹ ಇಲ್ಲದಿದ್ದರೆ 15 ದಿನ. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದನ್ನು ಕೊಟೇಶನ್ ಮೇಲಿನಲ್ಲಿ ಒಂದು ಸಾಲು ಹಾಕಲು ಶೆಡ್ಡಿನವನಿಗೆ ಧೈರ್ಯವಿಲ್ಲ. ಹಾಕಿದರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ದೊಡ್ಡವರು ಆರು ತಿಂಗಳು ದುಡ್ಡು ಇಟ್ಟುಕೊಳ್ಳುತ್ತಾರೆ, ಇವನು ಹೆಂಡತಿಯ ಒಡವೆ ಅಡ ಇಟ್ಟು ಕೂಲಿ ಕೊಡುತ್ತಾನೆ. ಅವನನ್ನು ನಾನು ಯಾವ ಬಾಯಲ್ಲಿ ಗೇಲಿ ಮಾಡಲಿ?

ನಮ್ಮ ಸಂಘಕ್ಕೆ ಇನ್ನೊಂದು ಮೇಲ್ ಕೂಡ ಬಂದಿತ್ತು, ಬಂಗಾರಪೇಟೆ ಕಡೆಯ ಹೊಸ ಹುಡುಗನದು. ಅಪ್ಪಟ ಕನ್ನಡದಲ್ಲಿ ಇತ್ತು. "ಅಧ್ಯಕ್ಷರೇ, ನಿಮ್ಮ ಬಡಾವಣೆಗೆ ಆರೂವರೆ ಇಂಚಿನ ಒಂದು ಕೊಳವೆಬಾವಿ, ಸಾವಿರ ಅಡಿಗೆ ಅಂದಾಜು 1,82,900 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ. ಏರುವ ದರ ಆಯಾ ನೂರು ಅಡಿಗೆ ಮಾತ್ರ. ಕೇಸಿಂಗ್ 60 ಅಡಿ ಸೇರಿದೆ, ಹೆಚ್ಚಾದರೆ ಅಡಿಗೆ 450 ಮತ್ತು ತೆರಿಗೆ. ಫ್ಲಶಿಂಗ್ ಸೇರಿದೆ. ಅನುಮತಿ ಮತ್ತು ಮೋಟಾರ್ ಸೇರಿಲ್ಲ. ನೀರು ಬರದಿದ್ದರೆ ಬಾವಿ ನಾವೇ ಮುಚ್ಚಿ ಹೋಗುತ್ತೇವೆ, ಕೊರೆದ ಅಡಿಯ ಹಣ ಮಾತ್ರ ಪೂರ್ತಿ ಕೊಡಬೇಕು. ಈ ದರ ಏಪ್ರಿಲ್ 20ರ ಸಂಜೆವರೆಗೆ, ಡೀಸೆಲ್ ಏರಿದರೂ ಇದೇ. ಲಾರಿ ಬರುವ ಮೊದಲು ಮೂರನೇ ಒಂದು ಭಾಗ, ಮಿಕ್ಕಿದ್ದು ಅಡಿ ಅಳೆದು ತೋರಿಸಿದ ದಿನವೇ, ಬ್ಯಾಂಕ್ ಖಾತೆಗೆ." ಕೆಳಗೆ 29ರಿಂದ ಶುರುವಾಗುವ ಜಿಎಸ್‌ಟಿ ನಂಬರ್. ನಮ್ಮ ಬಡಾವಣೆಯ ಹೆಸರು ಕೂಡ ಸರಿಯಾಗಿತ್ತು, ಅದೇ ಮೊದಲ ಆಶ್ಚರ್ಯ.

ಸಭೆಯಲ್ಲಿ ಎರಡೂ ಓದಿದರು. ಒಬ್ಬರು ಅಂದರು, "ಈ ಹುಡುಗ ಜಾಸ್ತಿ ಓದ್ಕೊಂಡಿದ್ದಾನೆ, ಅದಕ್ಕೇ ಜಾಸ್ತಿ ಹಾಕಿದ್ದಾನೆ." ಇನ್ನೊಬ್ಬರು, "ಇಷ್ಟೊಂದು ಕಂಡೀಷನ್ ಹಾಕ್ತಾನೆ ಅಂದ್ರೆ ಏನೋ ಇದೆ." ಮೇಷ್ಟ್ರು ಲೆಕ್ಕ ಬಿಡಿಸಿ ಹೇಳಿದರು, ಯಾರೂ ಕೇಳಲಿಲ್ಲ, ಅಷ್ಟು ಹೊತ್ತಿಗೆ ಬೋಂಡಾ ಬಂದಿತ್ತು. ಅಡಿಗೆ ನೂರರವನಿಗೆ ಕೆಲಸ ಆಯಿತು. ಸಾವಿರ ಅಡಿಗೆ ನಿಂತಾಗ ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬಿಲ್ ಬರೆದುಕೊಟ್ಟರು. ಕೇಸಿಂಗ್ 80 ಅಡಿ, ಫ್ಲಶಿಂಗ್ ಬೇರೆ, ಲಾರಿ ಬಾಡಿಗೆ ಬೇರೆ, ಊಟದ ಬಾಬ್ತು ಬೇರೆ. ಎರಡು ಲಕ್ಷ ದಾಟಿತ್ತು, ಜಿಎಸ್‌ಟಿ ಬಿಟ್ಟು.