ಈಗಾಗಲೇ ತಿಳಿಸಿದಂತೆ

ಶನಿವಾರ ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ನನ್ನ ತಲೆಯ ತುಂಬ ಸೀಗೆಕಾಯಿ ಪುಡಿ ಇತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ನಲ್ಲಿ ಒಮ್ಮೆ ಉಸ್ಸೆಂದಿತು, ಎರಡು ಸಲ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಸೀಗೆಕಾಯಿಯ ಸ್ವಭಾವ ಬಲ್ಲವರಿಗೆ ಹೇಳಬೇಕಾಗಿಲ್ಲ. ಅದು ಒಂದು ಚೊಂಬು ನೀರಿಗೆ ಬಿಟ್ಟುಹೋಗುವ ನೆಂಟನಲ್ಲ, ಮೇಲಾಗಿ ಕಣ್ಣಿಗೆ ಇಳಿಯದೆ ಅದಕ್ಕೆ ಸಮಾಧಾನವಿಲ್ಲ. ಹೆಂಡತಿ ಕುಡಿಯುವ ನೀರಿನ 20 ಲೀಟರ್ ಕ್ಯಾನನ್ನು ಬಚ್ಚಲ ಬಾಗಿಲವರೆಗೆ ಎಳೆದು ತಂದು, “ಅರ್ಧ ಮಾತ್ರ. ಉಳಿದದ್ದು ಸಾರಿಗೆ” ಎಂದು ಹೋದಳು.

ಒಂದು ಕಣ್ಣು ಮುಚ್ಚಿಕೊಂಡೇ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ಇಮೇಲ್ ಬರೆದೆ. ನಮ್ಮದು ಜಯನಗರದ ಅಂಚಿನಲ್ಲಿರುವ 24 ಮನೆಗಳ ಕಟ್ಟಡ. ವಾಟ್ಸಾಪ್ ಗುಂಪೂ ಇದೆ. ಆದರೆ ಅಲ್ಲಿ ಶುಭೋದಯದ ಹೂಗುಚ್ಛಗಳ ಅಡಿಯಲ್ಲಿ ಸೂಚನೆಗಳು ಹೂತುಹೋಗುತ್ತವೆಂದು ಕಾರ್ಯದರ್ಶಿಗಳು ಎಲ್ಲವನ್ನೂ ಇಮೇಲಿನಲ್ಲೇ ನಡೆಸುತ್ತಾರೆ. ನನ್ನ ದೂರಿನ ಎರಡನೆಯ ಪ್ಯಾರಾದಲ್ಲಿ ಪದಾಧಿಕಾರಿಗಳ ಬೇಜವಾಬ್ದಾರಿಯ ಬಗ್ಗೆ ಕೆಲವು ಒಳ್ಳೆಯ ವಾಕ್ಯಗಳಿದ್ದವು. ಹೆಂಡತಿ ಹೆಗಲ ಮೇಲಿಂದ ಓದಿ ಅಷ್ಟನ್ನೂ ಅಳಿಸಿಸಿದಳು. ನಾಳೆ ಲಿಫ್ಟಿನಲ್ಲಿ ಅವರ ಮುಖ ನೋಡಬೇಕಾದವಳು ತಾನು ಎನ್ನುವುದು ಅವಳ ವಾದ.

ಹತ್ತೇ ನಿಮಿಷದಲ್ಲಿ ಉತ್ತರ ಬಂತು. “ಮಾನ್ಯರೇ, ನಾನು ಈಗಾಗಲೇ ತಿಳಿಸಿದಂತೆ, ಸಂಪು ಮತ್ತು ಮೇಲಿನ ಟ್ಯಾಂಕನ್ನು ಶುಚಿಗೊಳಿಸುವುದರಿಂದ ಇಂದು ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನೀರು ಇರುವುದಿಲ್ಲ.”

ಆ ಮೂರು ಪದಗಳ ಕೈಚಳಕ ನೋಡಿ. ಅವು ಬರುವವರೆಗೆ ತಪ್ಪು ಅವರದಾಗಿತ್ತು, ಬಂದ ಮೇಲೆ ನನ್ನದಾಯಿತು. ‘ಈಗಾಗಲೇ’ ಎಂಬ ಮಾತಿಗೆ ನಮ್ಮಲ್ಲಿ ಅಳತೆಯೇ ಇಲ್ಲ. ಐದು ನಿಮಿಷದ ಹಿಂದಿನದೂ ಈಗಾಗಲೇ, ಮದುವೆಯಾದ ಹೊಸದರಲ್ಲಿ ಹೇಳಿದ್ದೂ ಈಗಾಗಲೇ. ಯಾರಿಗೆ ಹೇಳಿದ್ದು ಎಂಬುದನ್ನಂತೂ ಅದು ಬಾಯಿಬಿಡುವುದೇ ಇಲ್ಲ.

ನಾನು ಹಠಕ್ಕೆ ಬಿದ್ದೆ. ಇಮೇಲ್ ವ್ಯವಸ್ಥೆಯ ನಿರ್ವಹಣೆಯಲ್ಲೇ ಹದಿನೆಂಟು ವರ್ಷ ಅನ್ನ ತಿಂದವನು ನಾನು. ಹೊರಡುವ ಪ್ರತಿಯೊಂದು ಇಮೇಲಿಗೂ ಸಾಮಾನ್ಯವಾಗಿ ತನ್ನದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಉತ್ತರ ಬರೆದಾಗ, ಯಾವ ಪತ್ರಕ್ಕೆ ಉತ್ತರವೋ ಅದರ ಗುರುತು `In-Reply-To` ಎಂಬ ಸಾಲಿನಲ್ಲೂ, ಅದಕ್ಕೂ ಹಿಂದಿನ ಪತ್ರಗಳ ಗುರುತುಗಳು ಸಾಲಾಗಿ `References` ಎಂಬಲ್ಲಿಯೂ ಸೇರಿಕೊಳ್ಳುತ್ತವೆ. ಜಿಮೇಲ್‌ನಲ್ಲಾದರೆ ಪತ್ರದ ಪಕ್ಕದ ಮೂರು ಚುಕ್ಕಿ ಒತ್ತಿ `Show original` ಎಂದರೆ ಇವು ಕಣ್ಣಿಗೆ ಬೀಳುತ್ತವೆ. ಪತ್ರದ ವಂಶವೃಕ್ಷ ಎನ್ನಿ. ಕಾರ್ಯದರ್ಶಿಗಳ ಉತ್ತರದ ವಂಶವೃಕ್ಷದಲ್ಲಿ ಇದ್ದದ್ದು ಒಂದೇ ಒಂದು ಹೆಸರು: ಸೀಗೆಕಾಯಿ ಮೆತ್ತಿಕೊಂಡು ನಾನು ಬರೆದದ್ದು. ಅಂದರೆ ಈ ಪತ್ರ ವ್ಯವಹಾರದಲ್ಲಿ ‘ಈಗಾಗಲೇ’ ಎನ್ನುವಂಥದ್ದು ಏನೂ ನಡೆದೇ ಇಲ್ಲ!

ಇಷ್ಟಕ್ಕೇ ಕುಣಿಯುವ ಹಾಗಿಲ್ಲ. ಅವರು ಹೊಸದಾಗಿ ಬೇರೊಂದು ಪತ್ರ ಬರೆದಿದ್ದರೆ ಈ ಸರಪಳಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ಅವರ ವಿಳಾಸ ಕೊಟ್ಟು ಇಡೀ ಅಂಚೆಪೆಟ್ಟಿಗೆಯನ್ನು ಜಾಲಾಡಿದೆ, ಕಸದ ಪತ್ರಗಳ ಬುಟ್ಟಿಗೂ ಕೈಹಾಕಿದೆ. ಗಣೇಶನ ಚಂದಾ ಸಿಕ್ಕಿತು, ಪಾರ್ಕಿಂಗ್ ಜಗಳ ಸಿಕ್ಕಿತು, ನೀರಿನ ಸುದ್ದಿ ಸಿಗಲಿಲ್ಲ. ಖಜಾಂಚಿಗಳು ಮಂಗಳವಾರ ಕಳಿಸಿದ್ದ ಒಂದು ಪತ್ರ ಮಾತ್ರ ಇತ್ತು. ಟ್ಯಾಂಕ್ ಶುಚಿಗೊಳಿಸುವವರ ದರಪಟ್ಟಿ ಅದು, ದಿನಾಂಕವಿಲ್ಲ.

ಸಂಜೆ ನೇರವಾಗಿ ಕಾರ್ಯದರ್ಶಿಗಳ ಮನೆಗೆ ಹೋದೆ. ಜೊತೆಗೆ ನಮ್ಮ ಮಾವನವರೂ ಹೊರಟರು. ಅವರು ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತವರು, ವಿಚಾರಣೆ ಎಂದರೆ ಅವರಿಗೆ ಈಗಲೂ ಹಸಿವು ಹೆಚ್ಚುತ್ತದೆ. ಕಾರ್ಯದರ್ಶಿಗಳು ಕಾಫಿ ಕೊಟ್ಟು, ಬೇಸರಪಟ್ಟುಕೊಳ್ಳದೆ ಲ್ಯಾಪ್‌ಟಾಪ್ ತೆರೆದು ನನ್ನ ಕಡೆಗೆ ತಿರುಗಿಸಿದರು. ಬುಧವಾರ ರಾತ್ರಿ ಕಳಿಸಿದ ಪತ್ರ ಅಲ್ಲಿತ್ತು. ಶನಿವಾರ, 9ರಿಂದ 1, ದಯವಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಎಲ್ಲವೂ ಇತ್ತು.

“ಎಲ್ಲರಿಗೂ ಉತ್ತರಿಸು ಎನ್ನುವುದನ್ನೇ ಒತ್ತಿದ್ದೇನೆ ಸರ್. ನಾನು ಇಂಥದ್ದರಲ್ಲಿ ಬಹಳ ಜಾಗರೂಕ” ಎಂದರು.

ಒತ್ತಿದ್ದು ನಿಜ. ಆದರೆ ಸ್ವೀಕರಿಸುವವರ ಜಾಗದಲ್ಲಿ ಖಜಾಂಚಿಗಳೊಬ್ಬರೇ ಕೂತಿದ್ದರು. ಕಾರಣ ಆಗ ಹೊಳೆಯಿತು. ಮಂಗಳವಾರದ ದರಪಟ್ಟಿಯನ್ನು ಖಜಾಂಚಿಗಳು ಕಾರ್ಯದರ್ಶಿಗಳ ಹೆಸರಿಗೆ ಕಳಿಸಿ, ಉಳಿದ ಮನೆಗಳ ವಿಳಾಸಗಳನ್ನೆಲ್ಲ ಬಿಸಿಸಿಯಲ್ಲಿ ಹಾಕಿದ್ದರು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದೆಂಬ ಸಭ್ಯತೆ ಅದು. ಬಿಸಿಸಿಯಲ್ಲಿರುವವರಿಗೆ ಪತ್ರ ತಲುಪುತ್ತದೆ, ಆದರೆ ತಲುಪಿದ ಪ್ರತಿಯಲ್ಲಿ ಉಳಿದವರ ಸುಳಿವು ಇರುವುದಿಲ್ಲ. ಹಾಗಾಗಿ ‘ಎಲ್ಲರಿಗೂ’ ಎಂದು ಒತ್ತಿದರೆ, ಕಾಣುವ ಎಲ್ಲರಿಗೆ ಮಾತ್ರ ಹೋಗುತ್ತದೆ. ಅಲ್ಲಿ ಕಾಣುತ್ತಿದ್ದ ‘ಎಲ್ಲರೂ’ ಖಜಾಂಚಿಗಳು ಮಾತ್ರ. ಬೆಳಗ್ಗೆ ಅವರ ಬಾಲ್ಕನಿಯಲ್ಲಿ ಎರಡು ಡ್ರಮ್ಮು, ನಾಲ್ಕು ಬಕೆಟ್ಟು, ಒಂದು ಇಡ್ಲಿ ಪಾತ್ರೆಯೂ ತುಂಬಿ ನಿಂತದ್ದನ್ನು ಕಂಡು, ಮುಂದಾಲೋಚನೆ ಎಂದರೆ ಹೀಗಿರಬೇಕು ಎಂದು ನಾನು ಮೆಚ್ಚಿಕೊಂಡಿದ್ದೆ.

ಕಾರ್ಯದರ್ಶಿಗಳು ಸುಳ್ಳು ಹೇಳಿರಲಿಲ್ಲ ಎನ್ನುವುದೇ ನನಗಾದ ದೊಡ್ಡ ನಿರಾಸೆ. ಅವರ ‘ಈಗಾಗಲೇ’ ಬುಧವಾರ ರಾತ್ರಿ ಅವರ ಪಾಲಿಗೆ ನಿಜವಾಗಿಯೂ ನಡೆದಿತ್ತು. ನನ್ನ ಪಾಲಿಗೆ ನಡೆದಿರಲಿಲ್ಲ, ಅಷ್ಟೇ.

ಮಾವನವರು ಕಾಫಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. “ನಮ್ಮ ಕಾಲದಲ್ಲಿ ಪತ್ರದ ತಲೆಯಲ್ಲಿ ‘ವಿಷಯ’ ಎಂದು ಬರೆದರೆ ಅದರ ಕೆಳಗೇ ‘ಉಲ್ಲೇಖ’ ಇರಬೇಕಿತ್ತು. ಯಾರ ಪತ್ರ, ಯಾವ ಸಂಖ್ಯೆ, ಯಾವ ದಿನಾಂಕ. ಒಂದಕ್ಕಿಂತ ಹೆಚ್ಚಿದ್ದರೆ ಒಂದು, ಎರಡು ಎಂದು ಅಂಕಿ ಹಾಕಿ, ಒಳಗೆ ‘ಉಲ್ಲೇಖ (2)ರಲ್ಲಿ ತಿಳಿಸಿರುವಂತೆ’ ಎಂದು ಬರೆಯುತ್ತಿದ್ದೆವು. ಉಲ್ಲೇಖವಿಲ್ಲದೆ ‘ಈಗಾಗಲೇ ತಿಳಿಸಿದಂತೆ’ ಎಂದು ಬರೆದ ಕರಡನ್ನು ನಮ್ಮ ಸೂಪರಿಂಟೆಂಡೆಂಟರು ಓದುತ್ತಲೂ ಇರಲಿಲ್ಲ, ಎಸೆಯುತ್ತಿದ್ದರು.”

ನಿಜ ಹೇಳಬೇಕೆಂದರೆ ಬುಧವಾರದ ಪತ್ರದ ದಿನಾಂಕ ಹಾಕಲು ಕೂತಿದ್ದರೆ ಕಾರ್ಯದರ್ಶಿಗಳು ಅದನ್ನು ತೆರೆದು ನೋಡಬೇಕಾಗುತ್ತಿತ್ತು, ನೋಡಿದ್ದರೆ ಅಲ್ಲಿ ಒಂದೇ ಹೆಸರು ಕಾಣುತ್ತಿತ್ತು. ಉಲ್ಲೇಖದ ಉಪಯೋಗ ಓದುವವನಿಗಿಂತ ಬರೆಯುವವನಿಗೇ ಹೆಚ್ಚು. ಇದನ್ನು ನಾನು ಸ್ವಲ್ಪ ಗೆದ್ದವನ ಧಾಟಿಯಲ್ಲೇ ಹೇಳಿದೆ.

ಕಾರ್ಯದರ್ಶಿಗಳು ವಿನಯದಿಂದ ತಲೆಯಾಡಿಸಿದರು. “ಒಪ್ಪುತ್ತೇನೆ ಸರ್. ಒಂದು ಸಣ್ಣ ಅನುಮಾನ ಕೇಳಲೇ? ನಿಮ್ಮ ಪತ್ರದ ಕೊನೆಗೆ ‘ಮೇಲೆ ವಿವರಿಸಿದ ಕಾರಣಗಳಿಂದ ಈ ತಿಂಗಳ ನಿರ್ವಹಣಾ ಶುಲ್ಕದಲ್ಲಿ ಕಡಿತ ಮಾಡಬೇಕು’ ಎಂದಿದೆ. ಮೇಲೆಲ್ಲ ಹುಡುಕಿದೆ. ‘ನಮಸ್ಕಾರ’ ಮತ್ತು ‘ನೀರಿಲ್ಲ’ ಬಿಟ್ಟರೆ ಕಾರಣವೇನೂ ಕಾಣಲಿಲ್ಲ.”

ಅಳಿಸಿಹೋದ ಎರಡನೆಯ ಪ್ಯಾರಾ ನನ್ನ ಕಣ್ಣಮುಂದೆ ಅಕ್ಷರಶಃ ಹಾದುಹೋಯಿತು. ಇವರ ಎದುರಿಗೆ ಅದನ್ನು ಬಾಯಿಪಾಠ ಒಪ್ಪಿಸುವಂತಿಲ್ಲ. ಮಾವನವರು ನನ್ನನ್ನು ಅವರ ಸೂಪರಿಂಟೆಂಡೆಂಟರ ಕಣ್ಣಿನಿಂದ ನೋಡುತ್ತಿದ್ದರು.

“ಆಮೇಲೆ ನಾನೇ ಊಹಿಸಿದೆ” ಎಂದು ಕಾರ್ಯದರ್ಶಿಗಳು ಮುಂದುವರಿಸಿದರು. “ಮೇಲೆ ಎಂದರೆ ನಿಮ್ಮ ಮೇಲಿನ ಮನೆಯವರು ವಿವರಿಸಿದ ಕಾರಣಗಳು ಇರಬಹುದೆಂದು ಮಧ್ಯಾಹ್ನ ಮೂರನೇ ಮಹಡಿಗೆ ಹೋಗಿ ವಿಚಾರಿಸಿದೆ.”

“ಅವರೇನೆಂದರು?”

“ಅವರ ಬಚ್ಚಲಿನಿಂದ ನಿಮ್ಮ ಮನೆಗೆ ನೀರು ಸೋರುತ್ತಿರುವ ವಿಷಯವಿರಬೇಕು ಎಂದುಕೊಂಡು ಸಿಟ್ಟಾದರು ಸರ್. ಬರುವ ತಿಂಗಳು ಸರಿಮಾಡಿಸುತ್ತೇವೆಂದು ನಿಮಗೆ ಈಗಾಗಲೇ ತಿಳಿಸಿದ್ದಾರಂತಲ್ಲ?”