ಸತ್ಯಾಂಶ: ಎಫ್‌ಡಿಯ ಆ 2% ಎಲ್ಲಿ ಹೋಯಿತು?

"ಎಫ್‌ಡಿಗೆ 7% ಬಡ್ಡಿ, ಬೆಲೆ ಏರಿಕೆ 5%. ಅಂದರೆ 2% ಲಾಭ ಗ್ಯಾರಂಟಿ!"

ಈ ಲೆಕ್ಕ ತೆರಿಗೆಯನ್ನೇ ಮರೆತಿದೆ. ಕಲಬುರಗಿ ಗಂಜಿನ ಅಡತಿಯವರೊಬ್ಬರು 1 ಲಕ್ಷ ರೂಪಾಯಿಯನ್ನು ಒಂದು ವರ್ಷಕ್ಕೆ ಇಟ್ಟರೆನ್ನಿ. ಬಡ್ಡಿ 7,000. ಅವರು 20% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 20.8%, ಅಂದರೆ 1,456 ರೂಪಾಯಿ ತೆರಿಗೆ. (ಬ್ಯಾಂಕ್ 10% ಟಿಡಿಎಸ್ ಹಿಡಿದರೆ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡಿ, ಬಾಕಿ ತೆರಿಗೆಯನ್ನು ನಾವೇ ಕಟ್ಟಬೇಕು.) ಕೈಗೆ ಉಳಿಯುವುದು 1,05,544.

ಆದರೆ ಹೋದ ವರ್ಷ ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 1,05,000 ಬೇಕು. ಮಿಕ್ಕಿದ್ದು 544. ಅದನ್ನೂ 1.05ರಿಂದ ಭಾಗಿಸಿ ಹಳೆಯ ಬೆಲೆಗೆ ತಂದರೆ ಸುಮಾರು 518 ರೂಪಾಯಿ. ನಿಜ ಲಾಭ 2% ಅಲ್ಲ, 0.52%.

30% ಸ್ಲ್ಯಾಬ್‌ನವರ ಕೈಗೆ ಬರುವುದು 1,04,816. ಅದೇ ಸಾಮಾನಿಗೆ ಅವರಿಗೆ 184 ರೂಪಾಯಿ ಕಡಿಮೆ ಬೀಳುತ್ತದೆ.